ಬಿಸಿಬೇಳೆಬಾತಿಗೆ ನನ್ನ ಅಳತೆ: ಅಕ್ಕಿಯಷ್ಟೇ ಬೇಳೆ

ಬಿಸಿಬೇಳೆಬಾತ್ ಅಂದರೆ ಎಲ್ಲರೂ ಮೊದಲು ಪುಡಿಯ ಬಗ್ಗೆ ಕೇಳುತ್ತಾರೆ. ಮರಾಠಿ ಮೊಗ್ಗು ಎಷ್ಟು, ಕೊಬ್ಬರಿ ಎಷ್ಟು ಅಂತ. ಪುಡಿ ಮುಖ್ಯವೇ, ಆದರೆ ಒಳ್ಳೆ ಪುಡಿ ಹಾಕಿದರೂ ತಟ್ಟೆಯಲ್ಲಿ ಮುದ್ದೆಯಾಗಿ ಕೂತರೆ ಏನು ಪ್ರಯೋಜನ? ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಬೇಳೆ ಮತ್ತು ನೀರಿನ ಅಳತೆಗೆ.

ನನ್ನ ಲೆಕ್ಕ ಸುಲಭ. ಒಂದು ಲೋಟ ಸೋನಾ ಮಸೂರಿ ಅಕ್ಕಿಗೆ ಅದೇ ಲೋಟದಲ್ಲಿ ಒಂದು ಲೋಟ ತೊಗರಿಬೇಳೆ. ಬೇಳೆ ಅರ್ಧ ಲೋಟಕ್ಕೆ ಇಳಿಸಿದರೆ ಬಿಸಿ ಇದ್ದಾಗ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಆದರೆ ಆರುತ್ತಾ ಬಂದ ಹಾಗೆ ಅನ್ನದ ಗಂಜಿ ಗಟ್ಟಿಯಾಗಿ, ಸೌಟಲ್ಲಿ ಎತ್ತಿದರೆ ಹೆಂಟೆಯಾಗಿ ಬರುತ್ತದೆ. ಬೇಳೆಯೂ ಆರಿದಾಗ ಗಟ್ಟಿಯಾಗುತ್ತದೆ, ಆದರೆ ಅನ್ನದಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಾಗಂತ ಬೇಳೆ ಒಂದೂವರೆ ಲೋಟಕ್ಕೆ ಏರಿಸಿದರೆ ಹುಳಿ ಅನ್ನ ಕಲಸಿದಂತಿರುತ್ತದೆ, ಪುಡಿಯ ಘಮವೂ ಅಡಗುತ್ತದೆ. ಕೆಲವರು ಮುಕ್ಕಾಲು ಲೋಟ ಹಾಕುತ್ತಾರೆ, ಅದೂ ನಡೆಯುತ್ತದೆ. ಅದಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ.

ಅಕ್ಕಿ, ಬೇಳೆ ಒಟ್ಟಿಗೇ ಕುಕ್ಕರಿಗೆ ಹೋಗುವುದರಿಂದ ಬೇಳೆಯನ್ನು ಮೊದಲೇ ಅರ್ಧ ಗಂಟೆ ನೆನೆಹಾಕುತ್ತೇನೆ. ಅಕ್ಕಿ ಹೇಗಿದ್ದರೂ ಬೆಂದೇ ಬೇಯುತ್ತದೆ, ಕೈ ಕೊಡುವುದು ಬೇಳೆಯೇ. ಎರಡನ್ನೂ ಕುಕ್ಕರಿಗೆ ಹಾಕಿ, ಅರಿಶಿನ, ಒಂದು ಚಮಚ ಎಣ್ಣೆ, ಆರು ಲೋಟ ನೀರು. ದಪ್ಪಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್, ನವಿಲುಕೋಸು, ಒಂದು ಹಿಡಿ ಬಟಾಣಿಯೂ ಇದರ ಜೊತೆಗೇ. ಸಣ್ಣಗೆ ಹೆಚ್ಚಿದರೆ ಕೊನೆಯಲ್ಲಿ ತರಕಾರಿ ಹುಡುಕಬೇಕಾಗುತ್ತದೆ! ಮಧ್ಯಮ ಉರಿಯಲ್ಲಿ ನಾಲ್ಕೈದು ಕೂಗು. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಿರಬಾರದು, ಇಲ್ಲದಿದ್ದರೆ ನೊರೆ ಉಕ್ಕಿ ಸ್ಟೌ ತೊಳೆಯುವ ಕೆಲಸ ಬೇರೆ.

ಹುಣಸೆಹಣ್ಣು ಮಾತ್ರ ಈಗಲೇ ಹಾಕಬಾರದು. ಹುಳಿ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ, ಎಷ್ಟು ಕೂಗಿಸಿದರೂ ಕಾಳು ಕಾಳಾಗಿ ಉಳಿಯುತ್ತದೆ. ಮುಚ್ಚಳ ತೆಗೆದ ಮೇಲೆ ಒಂದು ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡುತ್ತೇನೆ. ಬೆಣ್ಣೆಯ ಹಾಗೆ ಮಸೆದು ಹೋದರೆ ಸರಿ. ನಡುವೆ ಗಟ್ಟಿ ಸಿಕ್ಕಿದರೆ ಇನ್ನೆರಡು ಕೂಗು. ಆಮೇಲೆ ಸೌಟಿನ ಬೆನ್ನಿಂದ ಕುಕ್ಕರಿನ ಬದಿಗೆ ಒತ್ತುತ್ತಾ, ತರಕಾರಿಗೆ ಪೆಟ್ಟಾಗದ ಹಾಗೆ ಚೂರು ಮಸೆಯುತ್ತೇನೆ.

ಈಗ ನಿಂಬೆ ಗಾತ್ರದ ಹುಣಸೆಹಣ್ಣಿನಿಂದ ತೆಗೆದ ಒಂದು ಲೋಟ ರಸ, ದೊಡ್ಡ ಚಮಚದಲ್ಲಿ ಮೂರು ಚಮಚ ಪುಡಿ, ಉಪ್ಪು, ಚೂರು ಬೆಲ್ಲ, ಹೆಚ್ಚಿದ ದಪ್ಪ ಮೆಣಸಿನಕಾಯಿ. ಪುಡಿಯನ್ನು ಹುಣಸೆ ರಸದಲ್ಲೇ ಕಲಸಿ ಹಾಕಿದರೆ ಗಂಟಾಗುವುದಿಲ್ಲ. ಇದರ ಮೇಲೆ ಎರಡು ಲೋಟ ಕುದಿಯುವ ನೀರು. ಸಣ್ಣ ಉರಿಯಲ್ಲಿ ಹುಳಿಯ ಹಸಿ ವಾಸನೆ ಹೋಗುವವರೆಗೆ, ಹತ್ತು ನಿಮಿಷವಾದರೂ ಕುದಿಯಲೇಬೇಕು. ತಳ ಬಿಡದೆ ತಿರುವುತ್ತಿರಿ. ಪುಡಿಯಲ್ಲಿರುವ ಕಡಲೆಬೇಳೆ, ಉದ್ದಿನಬೇಳೆಯೂ ನೀರು ಎಳೆದುಕೊಳ್ಳುವುದರಿಂದ ನೋಡ್ತಾ ನೋಡ್ತಾ ದಪ್ಪವಾಗುತ್ತದೆ.

ಹದ ನೋಡುವುದು ಸೌಟಲ್ಲಲ್ಲ, ತಟ್ಟೆಯಲ್ಲಿ. ಒಂದು ಸೌಟು ಬಡಿಸಿ ಸುಮ್ನೆ ನೋಡಿ. ತಾನಾಗೇ ನಿಧಾನಕ್ಕೆ ಹರಡಿಕೊಳ್ಳಬೇಕು, ಗುಡ್ಡೆಯಾಗಿ ನಿಲ್ಲಬಾರದು. ಸುತ್ತ ನೀರಿನ ಗೆರೆ ಬಿಟ್ಟುಕೊಂಡರೆ ಬೇಳೆ ಸರಿಯಾಗಿ ಮಸೆದಿಲ್ಲ ಅಂತ ಅರ್ಥ. ಆಗ ಇನ್ನೂ ಚೂರು ಮಸೆದು ಕುದಿಸಬೇಕೇ ಹೊರತು, ಬತ್ತಿಸುತ್ತಾ ಕೂತರೆ ಅನ್ನ ಮುದ್ದೆಯಾಗುತ್ತದೆ. ಇಳಿಸುವಾಗ ತಿನ್ನುವ ಹದಕ್ಕಿಂತ ಒಂದು ಪಟ್ಟು ತೆಳ್ಳಗೇ ಇರಲಿ. 'ಅಯ್ಯೋ, ನೀರಾಯ್ತಲ್ಲ' ಅನ್ನಿಸುವ ಹಾಗಿದ್ದರೂ ಪರವಾಗಿಲ್ಲ. ಮುಚ್ಚಿ ಹತ್ತು ನಿಮಿಷ ಬಿಟ್ಟರೆ ತಾನೇ ಸರಿಹೋಗುತ್ತದೆ.

ಹೊಸ ಅಕ್ಕಿ ಬೇಗ ಅಂಟುತ್ತದೆ, ನೀರು ಕಡಿಮೆ ಸಾಕು, ಕುಕ್ಕರಿಗೆ ಐದೂವರೆ ಲೋಟ ಇಡುತ್ತೇನೆ. ಹಳೆ ಅಕ್ಕಿಗೆ ಕೊನೆಯಲ್ಲಿ ಇನ್ನೂ ಅರ್ಧ ಲೋಟ ಬೇಕಾಗಬಹುದು.

ಒಗ್ಗರಣೆ ಕೊನೆಗೆ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ, ಕಡಲೆಕಾಯಿ ಬೀಜ. ಗೋಡಂಬಿ ಇದ್ದರೆ ಅದೂ. ಮೇಲೆ ಖಾರಾ ಬೂಂದಿ ಬೇಕಾದರೆ ತಟ್ಟೆಗೆ ಹಾಕಿಕೊಳ್ಳಿ, ಪಾತ್ರೆಗೆ ಹಾಕಿದರೆ ಮೆತ್ತಗಾಗುತ್ತದೆ.

ಮಧ್ಯಾಹ್ನದ ಡಬ್ಬಿಗೆ ಹಾಕುವುದಾದರೆ ಇನ್ನೂ ಅರ್ಧ ಲೋಟ ಬಿಸಿನೀರು ಸೇರಿಸಿ, ಒಂದು ಕುದಿ ಬರಿಸಿ. ರಾತ್ರಿಗೆ ಉಳಿದದ್ದಕ್ಕೂ ಹಾಗೇ, ತಣ್ಣೀರು ಬೇಡ, ಕುದಿಯುವ ನೀರೇ ಹಾಕಿ ಕಲಸಿ. ನೀರು ಸೇರಿಸಿದ ಮೇಲೆ ಉಪ್ಪು ಸಪ್ಪೆಯಾಗಿರುತ್ತದೆ, ಒಮ್ಮೆ ರುಚಿ ನೋಡಿ.