ರಾಜೀನಾಮೆಗೂ ಮೊದಲೇ ರಿಲೀವಿಂಗ್ ಲೆಟರ್ ಕೇಳಿದರು: ನಾನು ಕೊಟ್ಟ ಉತ್ತರ

ಸಂದರ್ಶನಗಳೆಲ್ಲ ಮುಗಿದ ಮೇಲೆ ರಿಕ್ರೂಟರ್ ಮೇಲ್ ಬಂತು. ಆಫರ್ ಲೆಟರ್ ಕೊಡೋಕೆ ಈಗಿನ ಕಂಪನಿಯ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಎರಡೂ ಬೇಕಂತೆ. ನಾನಿನ್ನೂ ರಾಜೀನಾಮೆಯನ್ನೇ ಕೊಟ್ಟಿರಲಿಲ್ಲ. ಕೊಟ್ಟರೂ 60 ದಿನ ನೋಟಿಸ್ ಇತ್ತು, ಮೇಲಾಗಿ ನಮ್ಮಲ್ಲಿ ಆ ಪತ್ರಗಳು ಕೈಗೆ ಬರುವುದು ಫೈನಲ್ ಸೆಟಲ್‌ಮೆಂಟ್ ಆದ ಮೇಲೆ.

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಎಲ್ಲರಿಗೂ ಒಂದೇ ಪಟ್ಟಿ ಕಳಿಸುತ್ತಾರೆ. ಜಗಳ ಆಡಿ ಪ್ರಯೋಜನವಿಲ್ಲ. ಹಾಗಂತ ಬರೀ 'ಇಲ್ಲ' ಅಂದರೆ ಫೈಲು ಅಲ್ಲೇ ಕೂರುತ್ತದೆ. ಆದ್ದರಿಂದ ಏನು ಇಲ್ಲ, ಬದಲಿಗೆ ಏನಿದೆ, ಉಳಿದದ್ದು ಯಾವಾಗ ಸಿಗುತ್ತದೆ ಅನ್ನುವುದನ್ನು ಒಂದೇ ಮೇಲ್‌ನಲ್ಲಿ ಬರೆದೆ. ಸಾರ ಇಷ್ಟು:

"ನಾನು ಸದ್ಯ ಕೆಲಸದಲ್ಲಿದ್ದೇನೆ. ಈ ಎರಡು ಪತ್ರಗಳನ್ನು ಕಂಪನಿ ಕೊಡುವುದು ನಾನು ಬಿಟ್ಟ ಮೇಲೆ. ಈಗಿನ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರ್, ಕಳೆದ ಮೂರು ತಿಂಗಳ ಪೇಸ್ಲಿಪ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಲಗತ್ತಿಸಿದ್ದೇನೆ. ನಿಮ್ಮ ಆಫರ್ ಬಂದ ಮೇಲೆ ರಾಜೀನಾಮೆ ಕೊಟ್ಟು, ಅದು ಅಂಗೀಕಾರವಾದ ಮೇಲ್ ಕಳಿಸುತ್ತೇನೆ. ರಿಲೀವಿಂಗ್ ಲೆಟರ್ ಅನ್ನು ಸೇರಿದ 30 ದಿನದೊಳಗೆ ಒಪ್ಪಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಈಗಿನ ಕಂಪನಿಯನ್ನು ವೆರಿಫಿಕೇಷನ್‌ಗೆ ಸಂಪರ್ಕಿಸಬೇಡಿ."

ಕೊನೆಯ ವಾಕ್ಯ ಮರೆಯಬಾರದು. ವೆರಿಫಿಕೇಷನ್ ಏಜೆನ್ಸಿಯವರು ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿಬಿಟ್ಟರೆ ನೀವು ಹೊರಟಿರುವ ಸುದ್ದಿ ನಿಮಗಿಂತ ಮೊದಲು ಮ್ಯಾನೇಜರಿಗೆ ಗೊತ್ತಾಗುತ್ತದೆ.

ಹೊಸ ಕಂಪನಿಯ ಪೋರ್ಟಲ್‌ನಲ್ಲಿ ಇನ್ನೊಂದು ತೊಡಕು. ರಿಲೀವಿಂಗ್ ಲೆಟರ್ ಕಾಲಂ ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುತ್ತಿರಲಿಲ್ಲ. ಹಳೆಯ ಕಂಪನಿಯ ಪತ್ರವನ್ನೇ ಅಲ್ಲಿ ಹಾಕುವವರಿದ್ದಾರೆ. ಆಮೇಲೆ ವೆರಿಫಿಕೇಷನ್‌ನಲ್ಲಿ ಕಂಪನಿ ಹೆಸರೂ ದಿನಾಂಕವೂ ತಾಳೆಯಾಗದೆ ತಕರಾರು ಏಳುತ್ತದೆ. ನಾನು "ಇನ್ನೂ ಸೇವೆಯಲ್ಲಿದ್ದೇನೆ, ಬಿಟ್ಟ ಮೇಲೆ ಸಲ್ಲಿಸುತ್ತೇನೆ" ಅಂತ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಪಿಡಿಎಫ್ ಮಾಡಿ ಹಾಕಿದೆ. ಫಾರಂ ಹೋಯಿತು.

ಮರುದಿನ ರಿಕ್ರೂಟರ್ ಫೋನ್. "ಸರ್, ಹಾಗಾದ್ರೆ ಮೊದಲು ರಿಸೈನ್ ಮಾಡಿ, ಆಕ್ಸೆಪ್ಟೆನ್ಸ್ ಮೇಲ್ ಕಳಿಸಿ. ಆಫರ್ ಆಮೇಲೆ ಮಾಡೋಣ."

ಇದಕ್ಕೆ ಮಾತ್ರ ಬಗ್ಗಲಿಲ್ಲ. ಲಿಖಿತ ಆಫರ್ ಇಲ್ಲದೆ ರಾಜೀನಾಮೆ ಕೊಟ್ಟ ಮೇಲೆ ಆ ಹುದ್ದೆ ರದ್ದಾದರೆ ಎರಡೂ ಕಡೆ ಇಲ್ಲದ ಹಾಗಾಗುತ್ತದೆ. "ಸಂಬಳ, ಸೇರುವ ದಿನಾಂಕ ಇರುವ ಆಫರ್ ಲೆಟರ್ ಕಳಿಸಿ ಮೇಡಂ, ಕೈಗೆ ಬಂದ ದಿನವೇ ರಿಸೈನ್ ಮಾಡ್ತೀನಿ" ಅಂದೆ. ಫೋನಿನಲ್ಲಿ ಆಡಿದ್ದನ್ನೇ ಮೇಲ್‌ನಲ್ಲೂ ಬರೆದು ಕಳಿಸಿದೆ.

ಆಫರ್ ಬಂತು. ಆದರೆ ಷರತ್ತುಗಳಲ್ಲಿ 'ಸೇರುವ ದಿನವೇ ರಿಲೀವಿಂಗ್ ಲೆಟರ್ ಒಪ್ಪಿಸತಕ್ಕದ್ದು' ಅಂತಿತ್ತು. ಸಹಿ ಹಾಕುವ ಮುಂಚೆ ಅದನ್ನು 30 ದಿನ ಅಂತ ಬದಲಿಸಿಕೊಂಡೆ. ಸೇರುವ ದಿನ ರಾಜೀನಾಮೆ ಅಂಗೀಕಾರದ ಮೇಲ್ ಮತ್ತು ಕೊನೆಯ ಕೆಲಸದ ದಿನ ಯಾವುದು ಅಂತ ಹಳೆಯ ಎಚ್‌ಆರ್ ದೃಢಪಡಿಸಿದ ಮೇಲ್ ತೋರಿಸಿದೆ, ಅಷ್ಟು ಸಾಕಾಯಿತು.