ಎಐ ಚಿತ್ರ ಹಿಡಿಯುವ ಡಿಟೆಕ್ಟರ್ ಎಲ್ಲಿ ಎಡವುತ್ತದೆ? ಮನೆಯಲ್ಲೇ ಪರೀಕ್ಷಿಸುವುದು ಹೀಗೆ

ಗ್ರೂಪಿನಲ್ಲಿ ಒಂದು ಫೋಟೊ ಬರುತ್ತದೆ. ಯಾಕೋ ಅನುಮಾನ. ಎಐ ಚಿತ್ರ ಪತ್ತೆ ಮಾಡುವ ಒಂದು ವೆಬ್‌ಸೈಟ್‌ಗೆ ಹಾಕಿ ನೋಡುತ್ತೀರಿ. ಎಐ ಇರುವ ಸಾಧ್ಯತೆ ತುಂಬಾ ಕಡಿಮೆ ಅಂತ ಉತ್ತರ ಬರುತ್ತದೆ. ಸರಿ, ಅಸಲಿಯೇ ಇರಬೇಕು ಅಂತ ಮುಂದಕ್ಕೆ ಕಳಿಸುತ್ತೀರಿ. ಆದರೆ ಆ ಚಿತ್ರ ನಿಮ್ಮ ಕೈ ಸೇರುವ ಮೊದಲು ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ, ಇನ್ಯಾರೋ ಫಾರ್ವರ್ಡ್ ಮಾಡಿರುತ್ತಾರೆ. ಮೂಲ ಫೈಲನ್ನೇ ಹಾಕಿದ್ದರೆ ಅದೇ ವೆಬ್‌ಸೈಟ್ ‘ಇದು ಖಂಡಿತ ಎಐ’ ಅಂತ ಹೇಳಿರಬಹುದಿತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ ಚಿತ್ರ. ಡಿಟೆಕ್ಟರ್‌ಗೆ ಮಾತ್ರ ಬೇರೆ ಬೇರೆ.

ಹೀಗೆ ಯಾಕಾಗುತ್ತದೆ ಅಂತ ತಿಳಿಯಲು ಒಂದು ಲ್ಯಾಪ್‌ಟಾಪ್, ಒಂದು ಫೋನ್, ಒಂದು ಗಂಟೆ ಬಿಡುವು ಸಾಕು. ಸುದ್ದಿಯ ಫೋಟೊ ಪರಿಶೀಲಿಸುವವರು, ಗ್ರೂಪ್ ಅಡ್ಮಿನ್‌ಗಳು, ಕಾಲೇಜಿನಲ್ಲಿ ಫೋಟೊ ಸ್ಪರ್ಧೆ ನಡೆಸುವವರು ಯಾವುದೇ ಡಿಟೆಕ್ಟರನ್ನು ನಂಬುವ ಮೊದಲು ಈ ಪರೀಕ್ಷೆ ಮಾಡಿಕೊಳ್ಳಲೇಬೇಕು.

ಡಿಟೆಕ್ಟರ್ ನೋಡುವುದು ಏನನ್ನು?

ಆರು ಬೆರಳು, ವಕ್ರ ಅಕ್ಷರ, ತಪ್ಪಾಗಿ ಬಿದ್ದ ನೆರಳು ಇವೆಲ್ಲ ನಾವು ಹುಡುಕುವ ಸುಳಿವುಗಳು. ಡಿಟೆಕ್ಟರ್‌ಗಳು ಹೆಚ್ಚಾಗಿ ನೆಚ್ಚಿಕೊಳ್ಳುವುದು ಪಿಕ್ಸೆಲ್ ಮಟ್ಟದ ತೀರಾ ಸಣ್ಣ ಗುರುತುಗಳನ್ನು. ಉದಾಹರಣೆಗೆ, ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಮಾದರಿಗಳು 512×512 ಚಿತ್ರವನ್ನು ನೇರವಾಗಿ ಬಿಡಿಸುತ್ತಿರಲಿಲ್ಲ. ಒಳಗೆ 64×64ರ ಒಂದು ಸಣ್ಣ ಕರಡು ತಯಾರಾಗುತ್ತಿತ್ತು. ಆಮೇಲೆ ಅದನ್ನು ಮೂರು ಸಲ ದುಪ್ಪಟ್ಟು ಮಾಡಿ ದೊಡ್ಡದು ಮಾಡಲಾಗುತ್ತಿತ್ತು. ಹೀಗೆ ಹಿಗ್ಗಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಒಂದು ಸಣ್ಣ ಲಯ ಉಳಿದುಬಿಡುತ್ತದೆ. ಬಣ್ಣದ ಬೆಲೆ 0ಯಿಂದ 255ರವರೆಗೆ ಇರುವ ಚಿತ್ರದಲ್ಲಿ ಎರಡೋ ನಾಲ್ಕೋ ಅಂಕಿಯ ಏರಿಳಿತ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಲೆಕ್ಕ ಹಾಕುವ ಯಂತ್ರಕ್ಕೆ ಅದೇ ದೊಡ್ಡ ಸುಳಿವು.

ಇಷ್ಟು ಸೂಕ್ಷ್ಮವಾದ ಗುರುತು ಅಳಿಸಿಹೋಗುವುದೂ ಅಷ್ಟೇ ಸುಲಭ, ಅಲ್ವಾ? ಚಿತ್ರ ಕೆಟ್ಟಂತೆ ಕಾಣುವ ಎಷ್ಟೋ ಮೊದಲೇ ಗುರುತು ಹೋಗಿರುತ್ತದೆ.

ಮೊದಲು ಎರಡು ಚಿತ್ರ ಇಟ್ಟುಕೊಳ್ಳಿ

ಒಂದು, ನೀವೇ ಎಐ ಟೂಲ್‌ನಲ್ಲಿ ಮಾಡಿದ ಚಿತ್ರ. ಅದನ್ನು ಡೌನ್‌ಲೋಡ್ ಮಾಡಿದ ಹಾಗೆಯೇ ಇಡಿ, ಎಲ್ಲಿಗೂ ಫಾರ್ವರ್ಡ್ ಮಾಡಬೇಡಿ. ಇನ್ನೊಂದು, ನಿಮ್ಮ ಫೋನ್‌ನಲ್ಲಿ ನೀವೇ ತೆಗೆದ ಫೋಟೊ. ಇದನ್ನು ಕೇಬಲ್ ಹಾಕಿ ಕಂಪ್ಯೂಟರ್‌ಗೆ ತನ್ನಿ. ಎರಡರ ವಿಷಯವೂ ಒಂದೇ ಥರ ಇದ್ದರೆ ಒಳ್ಳೆಯದು. ಅಂಗಳದಲ್ಲಿ ನಿಂತ ಹಸು ಅಂದುಕೊಳ್ಳಿ. ಹೋಲಿಸುವುದು ಸುಲಭವಾಗುತ್ತದೆ.

ಎರಡನೇ ಚಿತ್ರ ಯಾಕೆ ಅಂತ ಕೇಳಬಹುದು. ಡಿಟೆಕ್ಟರ್ ತಪ್ಪುವುದು ಒಂದೇ ಕಡೆಗಲ್ಲ. ಎಐ ಚಿತ್ರವನ್ನು ಅಸಲಿ ಅನ್ನುವುದು ಒಂದು ತಪ್ಪು. ಅಸಲಿ ಫೋಟೊವನ್ನು ಎಐ ಅನ್ನುವುದು ಇನ್ನೊಂದು. ಈ ಎರಡನೆಯ ತಪ್ಪಿನಿಂದ ನಿಜವಾದ ಸಾಕ್ಷಿಯೇ ಸುಳ್ಳಾಗಿಬಿಡುತ್ತದೆ. ಅದು ಜಾಸ್ತಿ ಅಪಾಯ ಅಂತ ನನ್ನ ಅಭಿಪ್ರಾಯ.

ನಕಲುಗಳನ್ನು ಮಾಡುವುದು

ಇಮೇಜ್‌ಮ್ಯಾಜಿಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಚಿತ್ರ ಇರುವ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ಈ ಮೂರು ಸಾಲು ಕೊಟ್ಟರೆ ಸಾಕು. ಎಐ ಚಿತ್ರದ ಹೆಸರು `hasu.png` ಅಂತ ಇಟ್ಟುಕೊಳ್ಳೋಣ.

```
magick hasu.png -resize 50% chikka.png
magick hasu.png -attenuate 0.2 +noise Gaussian noise.png
magick hasu.png -quality 75 forward.jpg
```

ಮೊದಲ ಸಾಲು ಚಿತ್ರವನ್ನು ಅರ್ಧ ಅಳತೆಗೆ ಇಳಿಸುತ್ತದೆ. ಎರಡನೆಯದು ಸ್ವಲ್ಪ ನಾಯ್ಸ್, ಅಂದರೆ ಪಿಕ್ಸೆಲ್‌ಗಳಲ್ಲಿ ಗೊತ್ತುಗುರಿಯಿಲ್ಲದ ಸಣ್ಣ ಏರಿಳಿತ ಸೇರಿಸುತ್ತದೆ. ಚಿತ್ರದಲ್ಲಿ ಕಾಳು ಕಾಳು ಎದ್ದು ಕಂಡರೆ 0.2 ಬದಲು 0.1 ಹಾಕಿ. ಕಣ್ಣಿಗೆ ವ್ಯತ್ಯಾಸ ಕಾಣದಷ್ಟು ಕಡಿಮೆ ಇದ್ದರೇನೇ ಪರೀಕ್ಷೆಗೆ ಅರ್ಥ. ಮೂರನೆಯದು ಜೆಪೆಗ್ ಆಗಿ ಉಳಿಸುತ್ತದೆ. ಫಾರ್ವರ್ಡ್ ಮಾಡಿದಾಗ ಹೆಚ್ಚುಕಮ್ಮಿ ಆಗುವುದೂ ಇದೇ. ನಾಲ್ಕನೇ ನಕಲಿಗೆ ಕಮಾಂಡ್ ಬೇಡ. ಮೂಲ ಚಿತ್ರವನ್ನು ಫೋನ್‌ಗೆ ಹಾಕಿ, ಗ್ಯಾಲರಿಯಲ್ಲಿ ತೆರೆದು, ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಕೆಳಗೆ ಉಳಿದ ಪಟ್ಟಿ ಕತ್ತರಿಸಿ. ಫೋನ್‌ನಲ್ಲಿ ತೆಗೆದ ಫೋಟೊಗೂ ಇದನ್ನೆಲ್ಲ ಮಾಡಿ, ಆದರೆ ಕಮಾಂಡ್‌ಗಳಲ್ಲಿ ಫೈಲಿನ ಹೆಸರುಗಳನ್ನು ಬದಲಿಸಿ, ಇಲ್ಲದಿದ್ದರೆ ಮೊದಲ ನಕಲುಗಳು ಅಳಿಸಿಹೋಗುತ್ತವೆ.

ಆಮೇಲೆ ಮೂಲಗಳನ್ನೂ ನಕಲುಗಳನ್ನೂ ಒಂದೇ ಡಿಟೆಕ್ಟರ್‌ಗೆ ಒಂದೊಂದಾಗಿ ಹಾಕಿ. ಎಐ ಸಾಧ್ಯತೆ ಇಷ್ಟು ಅಂತ ಬಂದ ಅಂಕಿಯ ಪಕ್ಕದಲ್ಲಿ ಫೈಲಿನ ಅಳತೆ, ಅದು ಪಿಎನ್‌ಜಿಯೋ ಜೆಪೆಗ್ಗೋ ಅನ್ನುವುದನ್ನೂ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಅಂಕಿ ಯಾಕೆ ಬದಲಾಯಿತು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಅಳತೆ ಇಳಿಸಿದಾಗ

ಒಂದು ಸಾಲಿನ ಆರು ಪಿಕ್ಸೆಲ್‌ಗಳನ್ನು ಹತ್ತಿರದಿಂದ ನೋಡೋಣ. ಎಐ ಚಿತ್ರದ ಆಕಾಶದಲ್ಲಿ ಅವುಗಳ ಬೆಲೆ 100, 104, 100, 104, 100, 104 ಅಂತ ಇದೆ ಅಂದುಕೊಳ್ಳಿ. ಒಂದು ಬಿಟ್ಟು ಒಂದು ನಾಲ್ಕು ಅಂಕಿ ಏರುವುದೇ ಡಿಟೆಕ್ಟರ್ ಹಿಡಿಯುವ ಲಯ. ಅರ್ಧಕ್ಕೆ ಇಳಿಸುವಾಗ ಪ್ರತಿ ಎರಡು ಪಿಕ್ಸೆಲ್ ಸೇರಿ ಸರಾಸರಿ ಒಂದಾಗುತ್ತದೆ ಅನ್ನೋಣ. ಸಿಗುವುದು 102, 102, 102. ಲಯ ಪೂರ್ತಿ ಮಾಯ! ಮತ್ತೆ ದೊಡ್ಡದು ಮಾಡಿದರೂ 102ರ ಸಾಲೇ ಬರುತ್ತದೆ, ಹಳೆಯದು ವಾಪಸ್ ಬರುವುದಿಲ್ಲ. 1024×1024 ಚಿತ್ರವನ್ನು ಅರ್ಧ ಅಳತೆಗೆ ಇಳಿಸಿದರೆ ನಾಲ್ಕರಲ್ಲಿ ಮೂರು ಪಾಲು ಪಿಕ್ಸೆಲ್ ಹೋಯಿತು. ಉಳಿದ ಒಂದು ಪಾಲಿನಲ್ಲಿ ಹಸು ಹಸುವಾಗಿಯೇ ಇರುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಡಿಟೆಕ್ಟರ್‌ಗಳು ನೀವು ಹಾಕಿದ ಚಿತ್ರವನ್ನು ತಾವೇ 224×224ರಂಥ ಸಣ್ಣ ಅಳತೆಗೆ ತರುತ್ತವೆ. ಕತ್ತರಿಸಿ ತಂದರೆ ಗುರುತು ಉಳಿಯುತ್ತದೆ. ಕುಗ್ಗಿಸಿ ತಂದರೆ ನೋಡುವ ಮೊದಲೇ ಸ್ವಲ್ಪ ಅಳಿಸಿರುತ್ತದೆ. ಒಂದೇ ಚಿತ್ರಕ್ಕೆ ಎರಡು ವೆಬ್‌ಸೈಟ್‌ಗಳು ತದ್ವಿರುದ್ಧ ಉತ್ತರ ಕೊಡಲು ಇದೂ ಒಂದು ಕಾರಣ.

ನಾಯ್ಸ್ ಸೇರಿಸಿದಾಗ

ಅದೇ 100, 104ರ ಸಾಲಿಗೆ ಪ್ರತಿ ಪಿಕ್ಸೆಲ್‌ಗೂ ಮನಸ್ಸಿಗೆ ಬಂದಂತೆ ಐದಾರು ಅಂಕಿ ಕೂಡಿಸಿ ಅಥವಾ ಕಳೆಯಿರಿ. 97, 106, 103, 99, 105, 101 ಅಂತ ಆಗಬಹುದು. ಸಂತೆಯ ಗದ್ದಲದಲ್ಲಿ ಪಿಸುಮಾತು ಮುಳುಗಿದ ಹಾಗೆ ಲಯ ಮುಳುಗಿತು. ಆದರೆ ಪೂರ್ತಿ ಸತ್ತಿಲ್ಲ. ಚಿತ್ರದಲ್ಲಿ ಹತ್ತು ಲಕ್ಷ ಪಿಕ್ಸೆಲ್ ಇದ್ದಾಗ, ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುವ ಡಿಟೆಕ್ಟರ್ ಅದನ್ನು ಇನ್ನೂ ಹೊರಗೆ ತೆಗೆಯಬಹುದು. ಹಾಗಾಗಿ ನಿಮ್ಮ ಪರೀಕ್ಷೆಯಲ್ಲಿ ನಾಯ್ಸ್ ಹಾಕಿದ ನಕಲಿನ ಅಂಕಿ ಒಮ್ಮೆ ಇಳಿಯಬಹುದು, ಒಮ್ಮೆ ಇಳಿಯದೆಯೂ ಇರಬಹುದು.

ಇದು ಸುಮ್ನೆ ಎರಚಿದ ನಾಯ್ಸ್‌ನ ಮಾತು. ಡಿಟೆಕ್ಟರ್‌ನ ಒಳಗನ್ನು ತಿಳಿದವರು ಗುರಿಯಿಟ್ಟು ಸೇರಿಸುವ ನಾಯ್ಸ್‌ನ ಕತೆಯೇ ಬೇರೆ. 2020ರಲ್ಲಿ ಸಂಶೋಧಕರಾದ ನಿಕೋಲಸ್ ಕಾರ್ಲಿನಿ ಮತ್ತು ಹ್ಯಾನಿ ಫರೀದ್ ಇದನ್ನು ತೋರಿಸಿದರು. ಅಸಲಿ ನಕಲಿ ಬೇರ್ಪಡಿಸುವುದರಲ್ಲಿ 0.95 ಅಂಕ ಪಡೆದಿದ್ದ ಡಿಟೆಕ್ಟರ್ ಅವರ ಕೈಯಲ್ಲಿ 0.0005ಕ್ಕೆ ಕುಸಿಯಿತು. ಈ ಅಳತೆಗೋಲಿನಲ್ಲಿ 1 ಅಂದರೆ ಪರಿಪೂರ್ಣ, 0.5 ಅಂದರೆ ನಾಣ್ಯ ಚಿಮ್ಮಿದಷ್ಟೇ ಬೆಲೆ. ಸೊನ್ನೆಯ ಹತ್ತಿರ ಅಂದರೆ ಪೂರ್ತಿ ತಲೆಕೆಳಗು: ನಕಲಿಯೇ ಅಸಲಿಗಿಂತ ಹೆಚ್ಚು ಅಸಲಿಯಾಗಿ ಕಾಣುತ್ತದೆ. ಇಷ್ಟಕ್ಕೆ ಅವರು ಮುಟ್ಟಿದ್ದು ಪ್ರತಿ ಪಿಕ್ಸೆಲ್‌ನ ಕೊನೆಯ ಬಿಟ್ ಮಾತ್ರ, ಅಂದರೆ 255ರಲ್ಲಿ ಒಂದು ಅಂಕಿಯ ಬದಲಾವಣೆ.

ಸ್ಕ್ರೀನ್‌ಶಾಟ್ ತೆಗೆದಾಗ

ಮನೆಮಂದಿಯೆಲ್ಲ ದಿನಾ ಮಾಡುವುದು ಇದನ್ನೇ. ಯಾರಿಗೂ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಆದರೆ ಒಂದೇ ಏಟಿಗೆ ಹಲವು ಕೆಲಸ ಆಗಿಬಿಡುತ್ತದೆ. 1024 ಪಿಕ್ಸೆಲ್ ಅಗಲದ ಚಿತ್ರ 1080 ಪಿಕ್ಸೆಲ್ ಅಗಲದ ಪರದೆ ತುಂಬಲು ಸ್ವಲ್ಪ ಹಿಗ್ಗುತ್ತದೆ. ಅಂದರೆ ಪ್ರತಿ ಪಿಕ್ಸೆಲನ್ನೂ ಹೊಸದಾಗಿ ಲೆಕ್ಕ ಹಾಕಿ ಬಿಡಿಸಲಾಗುತ್ತದೆ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಮೂಲ ಚಿತ್ರ ಜೆಪೆಗ್ ಆಗಿದ್ದರೆ ಆ ಚೌಕಗಳು 8.44 ಪಿಕ್ಸೆಲ್ ಆಗಿ, ಜಾಲವೇ ಕದಡುತ್ತದೆ. ಆಮೇಲೆ ಫೋನ್ ಅದನ್ನು ಹೊಸ ಫೈಲಾಗಿ ಉಳಿಸುತ್ತದೆ. ಮೂಲ ಫೈಲಿನ ಜತೆಗಿದ್ದ ಮಾಹಿತಿ ಒಂದೂ ಇದರಲ್ಲಿ ಇರುವುದಿಲ್ಲ.

ಆ ಮಾಹಿತಿ ಮುಖ್ಯವಾದದ್ದು. ಕೆಲವು ಎಐ ಟೂಲ್‌ಗಳು ‘ಕಂಟೆಂಟ್ ಕ್ರೆಡೆನ್ಷಿಯಲ್ಸ್’ ಅನ್ನುವ ಸಹಿಯನ್ನು ಫೈಲಿಗೆ ಅಂಟಿಸಿ ಕೊಡುತ್ತವೆ. ಇದು ಯಾವ ಟೂಲ್‌ನಲ್ಲಿ ಮಾಡಿದ್ದು ಅಂತ ಅದರಲ್ಲೇ ಬರೆದಿರುತ್ತದೆ. ಸ್ಕ್ರೀನ್‌ಶಾಟ್‌ಗೆ ಅದು ದಾಟುವುದಿಲ್ಲ. ಗೂಗಲ್ ಡೀಪ್‌ಮೈಂಡ್ 2023ರ ಆಗಸ್ಟ್‌ನಲ್ಲಿ ತಂದ ಸಿಂತ್‌ಐಡಿ ಗುರುತು ಪಿಕ್ಸೆಲ್‌ಗಳಲ್ಲೇ ಬೆರೆತಿರುತ್ತದೆ. ಅಳತೆ ಬದಲಾಯಿಸಿದರೂ ಜೆಪೆಗ್ ಮಾಡಿದರೂ ಉಳಿಯಲಿ ಅಂತಲೇ ಅದನ್ನು ರೂಪಿಸಿದ್ದಾರೆ. ಆದರೆ ಆ ಗುರುತು ಹಾಕುವ ಟೂಲ್‌ನಲ್ಲಿ ಹುಟ್ಟಿದ ಚಿತ್ರದಲ್ಲಿ ಮಾತ್ರ ಅದು ಇರುತ್ತದೆ. ಗುರುತು ಸಿಗಲಿಲ್ಲ ಅಂದಮಾತ್ರಕ್ಕೆ ಚಿತ್ರ ಅಸಲಿ ಅಂತ ಆಗುವುದಿಲ್ಲ.

ಜೆಪೆಗ್‌ನ ವಿಚಿತ್ರ

ಕೆಲವೊಮ್ಮೆ ಚಿತ್ರವನ್ನು ಸುಮ್ಮನೆ ಜೆಪೆಗ್ ಆಗಿ ಉಳಿಸಿದರೂ ಅಂಕಿ ಬಿದ್ದುಹೋಗುತ್ತದೆ. ಇದಕ್ಕೆ ಕಾರಣ ಡಿಟೆಕ್ಟರ್ ಕಲಿತ ಪಾಠದಲ್ಲಿದೆ. ಸಂಶೋಧಕರು ಹೆಚ್ಚು ಬಳಸುವ ಜೆನ್‌ಇಮೇಜ್ ಎಂಬ ಸಂಗ್ರಹದಲ್ಲಿ ಅಸಲಿ ಫೋಟೊಗಳು ಜೆಪೆಗ್ ಆಗಿದ್ದವು, ಎಐ ಚಿತ್ರಗಳು ಪಿಎನ್‌ಜಿ ಆಗಿದ್ದವು. ಇದರಿಂದ ಡಿಟೆಕ್ಟರ್‌ಗಳು ಎಐ ಗುರುತಿನ ಜತೆ ಜೆಪೆಗ್ ಗುರುತನ್ನೂ ಕಲಿತುಬಿಡುತ್ತಿವೆ ಅಂತ 2024ರ ಒಂದು ಅಧ್ಯಯನ ತೋರಿಸಿತು. ಜೆಪೆಗ್ ಚೌಕ ಕಂಡರೆ ಅಸಲಿ, ಕಾಣದಿದ್ದರೆ ನಕಲಿ! ನಿಮ್ಮ ಫೋನ್ ಫೋಟೊವನ್ನು ಅರ್ಧಕ್ಕೆ ಇಳಿಸಿ ಪಿಎನ್‌ಜಿ ಮಾಡಿದಾಗ ಎಐ ಅಂಕಿ ಏರಿತೇ? ಹಾಗಿದ್ದರೆ ನಿಮ್ಮ ಡಿಟೆಕ್ಟರ್‌ಗೂ ಇದೇ ಕಾಯಿಲೆ ಇದೆ ಅಂತ ಅನುಮಾನಿಸಿ. ಇದೇ ಥರದ ಇನ್ನೂ ಕೆಲವು ಚಿತ್ರಗಳ ಮೇಲೆ ಪರೀಕ್ಷಿಸಿ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಕಲಿಸುವಾಗಲೇ ಮಸುಕು ಮಾಡಿದ, ಜೆಪೆಗ್ ಮಾಡಿದ ಚಿತ್ರಗಳನ್ನು ಬೆರೆಸಿದರೆ ಡಿಟೆಕ್ಟರ್ ಗಟ್ಟಿಯಾಗುತ್ತದೆ. 2020ರಲ್ಲೇ ಇದು ಸಾಬೀತಾಗಿದೆ. ಹಾಗಿದ್ದೂ ಕಾರ್ಲಿನಿ ಮತ್ತು ಫರೀದ್ ಬೀಳಿಸಿದ್ದು ಹೀಗೆ ಗಟ್ಟಿ ಮಾಡಿದ ಡಿಟೆಕ್ಟರನ್ನೇ. ನಿತ್ಯದ ಫಾರ್ವರ್ಡ್ ತಡೆದುಕೊಳ್ಳುವುದು ಬೇರೆ, ಬೇಕಂತಲೇ ಮಾಡುವ ದಾಳಿ ತಡೆಯುವುದು ಬೇರೆ.

ಅಂಕಿ ಓದುವುದು ಹೇಗೆ

ಮೂಲಕ್ಕೂ ನಾಲ್ಕು ನಕಲಿಗೂ ಹೆಚ್ಚುಕಮ್ಮಿ ಒಂದೇ ಅಂಕಿ ಬಂದರೆ, ಆ ಡಿಟೆಕ್ಟರ್ ಈ ಥರದ ಚಿತ್ರದ ಮಟ್ಟಿಗೆ ಪರವಾಗಿಲ್ಲ. ಬೇರೆ ಎಐ ಟೂಲ್‌ನ ಚಿತ್ರಕ್ಕೆ ಮತ್ತೆ ಪರೀಕ್ಷಿಸಬೇಕು. ಮೂಲಕ್ಕೆ ಹೆಚ್ಚು ಬಂದು ಸ್ಕ್ರೀನ್‌ಶಾಟ್‌ಗೆ ಕಡಿಮೆ ಬಂದರೆ, ಗ್ರೂಪಿನಲ್ಲಿ ಬಂದ ಚಿತ್ರಕ್ಕೆ ಅದು ಕೊಡುವ ‘ಅಸಲಿ’ ಅನ್ನುವ ಉತ್ತರಕ್ಕೆ ಬೆಲೆ ಇಲ್ಲ. ನಿಮ್ಮ ಫೋನ್ ಫೋಟೊದ ನಕಲುಗಳಿಗೇ ಎಐ ಅಂಕಿ ಏರುತ್ತಿದ್ದರೆ, ಅದರ ‘ಎಐ’ ಅನ್ನುವ ಉತ್ತರದಿಂದ ಯಾರ ಮೇಲೂ ಆರೋಪ ಹೊರಿಸಬೇಡಿ.

ಮುಂದೆ ಅನುಮಾನದ ಚಿತ್ರ ಬಂದಾಗ ಮೊದಲು ಹುಡುಕಬೇಕಾದದ್ದು ಅದರ ಹಳೆಯ, ದೊಡ್ಡ ಪ್ರತಿ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಯಾರು ಮೊದಲು ಹಾಕಿದರು ಅಂತ ನೋಡಿ. ಕಳಿಸಿದವರ ಹತ್ತಿರ ಮೂಲ ಫೈಲ್ ಇದ್ದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬೇಡ, ‘ಡಾಕ್ಯುಮೆಂಟ್’ ಆಗಿ ಕಳಿಸಿ ಅಂತ ಕೇಳಿ. ಹಾಗೆ ಕಳಿಸಿದರೆ ಅದು ಕುಗ್ಗುವುದಿಲ್ಲ. ಸಿಕ್ಕಿದ್ದು ಸ್ಕ್ರೀನ್‌ಶಾಟ್ ಮಾತ್ರ ಅಂತಾದರೆ, ವರದಿಯಲ್ಲಿ ಡಿಟೆಕ್ಟರ್ ಅಂಕಿಯ ಪಕ್ಕ ‘ಪರೀಕ್ಷಿಸಿದ್ದು ಸ್ಕ್ರೀನ್‌ಶಾಟ್ ಪ್ರತಿ’ ಅಂತ ಬರೆಯಿರಿ.