ಹೈಕೋರ್ಟ್ ಆದೇಶವನ್ನು ಕಕ್ಷಿದಾರರಿಗೆ ನಾನು ಬಿಡಿಸಿ ಹೇಳುವ ಬಗೆ

ನಮ್ಮ ಉತ್ತರ ಕನ್ನಡದಲ್ಲಿ ವಕೀಲಿಕೆ ಮಾಡುವವರ ಟೇಬಲ್ ಮೇಲೆ ಅರಣ್ಯ ಅತಿಕ್ರಮಣದ ಫೈಲು ಇಲ್ಲದ ದಿನ ಕಡಿಮೆ. ತೋಟ, ಮನೆ, ಬಾವಿ ಎಲ್ಲ ಇರುತ್ತವೆ. ಹಕ್ಕುಪತ್ರ ಮಾತ್ರ ಇರುವುದಿಲ್ಲ. ಅರಣ್ಯ ಹಕ್ಕು ಕಾಯಿದೆಯಡಿ ಅರ್ಜಿ ಕೊಟ್ಟಿರುತ್ತಾರೆ, ಅದು ತಿರಸ್ಕಾರವಾಗಿರುತ್ತದೆ. ಧಾರವಾಡ ಪೀಠಕ್ಕೆ ರಿಟ್ ಹಾಕಿ ಆದೇಶ ತಂದರೂ ಅದು ಇಂಗ್ಲಿಷಿನಲ್ಲಿರುತ್ತದೆ. ಎಂಟು-ಹತ್ತು ಪುಟ ಓದಿ ಅರ್ಥ ಮಾಡಿಕೊಳ್ಳುವವರು ಮನೆಯಲ್ಲಿ ಇರುವುದಿಲ್ಲ, ಅಥವಾ ಕಾಲೇಜಿಗೆ ಹೋಗುವ ಮಗ ಅಲ್ಲೊಂದು ಇಲ್ಲೊಂದು ಸಾಲು ಓದಿ ಹೇಳಿರುತ್ತಾನೆ.

ಅಂಥ ಒಂದು ಆದೇಶವನ್ನು ಹೇಗೆ ಬಿಡಿಸಿ ಹೇಳಿದೆ ಅಂತ ಇಲ್ಲಿ ಬರೆಯುತ್ತೇನೆ. ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಕಕ್ಷಿದಾರರನ್ನು ಮಂಜಣ್ಣ ಅಂತ ಕರೆಯೋಣ.

ಮಂಜಣ್ಣನವರದು ಮೂವತ್ತು ಗುಂಟೆ ಅಡಿಕೆ ತೋಟ, ಅದರ ತಲೆಯ ಮೇಲೆ ಮನೆ. ಗ್ರಾಮಸಭೆ ಅವರ ಪರವಾಗಿ ಠರಾವು ಮಾಡಿತ್ತು. ಉಪವಿಭಾಗ ಮಟ್ಟದ ಸಮಿತಿ 'ದಾಖಲೆ ಸಾಲದು' ಎಂದು ಒಂದೇ ಸಾಲಿನ ಹಿಂಬರಹ ಕೊಟ್ಟು ಅರ್ಜಿ ತಿರಸ್ಕರಿಸಿತ್ತು. ಆಮೇಲೆ ಒಕ್ಕಲೆಬ್ಬಿಸುವ ನೋಟಿಸು ಬಂತು. ರಿಟ್ ಹಾಕಿದ್ದು ಅದಕ್ಕೆ.

ಆದೇಶ ಬಂದ ದಿನ ಅವರು ಫೋನಿನಲ್ಲಿ ಒಂದು ಪ್ಯಾರಾದ ಫೋಟೋ ತೋರಿಸಿದರು. "ವಕೀಲ್ರೇ, ನಮ್ಮದು ನಾಲ್ಕು ತಲೆಮಾರಿನ ಜಾಗ ಅಂತ ಹೈಕೋರ್ಟೇ ಬರೆದಿದೆ. ಇನ್ನು ಹಕ್ಕುಪತ್ರಕ್ಕೆ ಏನು ತೊಂದರೆ?" ಊರಿನ ಗುಂಪಿಗೂ ಅದನ್ನೇ ಕಳಿಸಿಯಾಗಿತ್ತು.

ನಾನು ಮೊದಲು ಮಾಡಿದ್ದು ಆ ಪ್ಯಾರಾದಲ್ಲಿ ಮಾತಾಡುತ್ತಿರುವುದು ಯಾರು ಅಂತ ತೋರಿಸಿದ್ದು. ಅದು ನಾಲ್ಕನೇ ಪ್ಯಾರಾ. ಅದರ ಮೊದಲ ಸಾಲಿನಲ್ಲೇ 'ಅರ್ಜಿದಾರರ ಪರ ವಕೀಲರ ವಾದವೇನೆಂದರೆ' ಎಂದಿತ್ತು. ಅಂದರೆ ನಾವು ಹೇಳಿದ್ದನ್ನೇ ಕೋರ್ಟು ಬರೆದುಕೊಂಡಿದೆ, ಅಷ್ಟೆ. ಐದನೇ ಪ್ಯಾರಾದಲ್ಲಿ ಸರ್ಕಾರಿ ವಕೀಲರ ಮಾತು: ಇದು ಅರಣ್ಯ ಭೂಮಿ, ಇವರು ಈಚೆಗೆ ಬಂದು ಕೂತವರು. ಅದನ್ನೂ ಕೋರ್ಟೇ ಟೈಪ್ ಮಾಡಿಸಿದೆ. ನಾಲ್ಕನ್ನು ಕೋರ್ಟಿನ ಮಾತು ಅಂತ ಹಿಡಿದರೆ ಐದನ್ನೂ ಹಿಡಿಯಬೇಕಾಗುತ್ತದೆ, ಅಲ್ವಾ? ಇದು ಮಂಜಣ್ಣನಿಗೆ ಕೂಡಲೇ ಹೊಳೆಯಿತು.

ಹಾಗಾಗಿ ನಾನು ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಪಕ್ಕ ಒಂದೇ ಪದ ಬರೆಯುತ್ತೇನೆ: 'ಸಂಗತಿ', 'ನಾವು', 'ಅವರು', 'ಕಾರಣ', 'ಅಪ್ಪಣೆ'. ಮಂಜಣ್ಣನ ಆದೇಶದಲ್ಲಿ ಒಂದರಿಂದ ಮೂರು ಸಂಗತಿ, ನಾಲ್ಕು ನಾವು, ಐದು ಅವರು, ಆರರಿಂದ ಹನ್ನೊಂದು ಕಾರಣ, ಹನ್ನೆರಡು ಅಪ್ಪಣೆ. ಇನ್ನೊಬ್ಬರನ್ನು ಕಟ್ಟಿಹಾಕುವುದು 'ಅಪ್ಪಣೆ' ಅಂತ ಬರೆದ ಭಾಗ. ಮೊದಲು ಅದನ್ನೇ ಓದುತ್ತೇನೆ, ಕೊನೆಯ ಪುಟದಿಂದ.

ಹನ್ನೆರಡನೇ ಪ್ಯಾರಾವನ್ನು ಕನ್ನಡದಲ್ಲಿ ಹೀಗೆ ಬರೆದುಕೊಟ್ಟೆ. ರಿಟ್ ಅರ್ಜಿಯನ್ನು ಭಾಗಶಃ ಪುರಸ್ಕರಿಸಿದೆ. ಸಮಿತಿಯ ಹಿಂಬರಹ ರದ್ದಾಗಿದೆ. ಮೇಲೆ ಹೇಳಿದ ಅಭಿಪ್ರಾಯಗಳ ಬೆಳಕಿನಲ್ಲಿ ಸಮಿತಿಯು ಅರ್ಜಿಯನ್ನು ಹೊಸದಾಗಿ ಪರಿಶೀಲಿಸಬೇಕು, ಅರ್ಜಿದಾರರ ಮಾತು ಕೇಳಬೇಕು, ಕಾನೂನಿನ ಪ್ರಕಾರ ತೀರ್ಮಾನ ಮಾಡಬೇಕು. ಆದೇಶದ ದೃಢೀಕೃತ ನಕಲು ಕೈಸೇರಿದ ದಿನದಿಂದ ಹನ್ನೆರಡು ವಾರದೊಳಗೆ ಇದನ್ನು ಮುಗಿಸಬೇಕು. ಅಲ್ಲಿಯವರೆಗೆ ಅರ್ಜಿದಾರರನ್ನು ಜಾಗದಿಂದ ಎಬ್ಬಿಸಬಾರದು. ಎರಡೂ ಕಡೆಯ ಎಲ್ಲ ವಾದಗಳೂ ಮುಕ್ತವಾಗಿಯೇ ಉಳಿದಿವೆ.

ಆಮೇಲೆ ಒಂದೊಂದು ವಾಕ್ಯಕ್ಕೂ ನಾಲ್ಕು ಪ್ರಶ್ನೆ ಕೇಳಿದೆವು. ಯಾರು ಮಾಡಬೇಕು? ಏನು ಮಾಡಬೇಕು? ಎಷ್ಟು ದಿನದಲ್ಲಿ? ದಿನ ಯಾವಾಗಿನಿಂದ ಎಣಿಸಬೇಕು? ಎಬ್ಬಿಸಬಾರದು ಎಂಬುದು ಅರಣ್ಯ ಇಲಾಖೆಗೆ ಹೇಳಿದ್ದು. ಹೊಸದಾಗಿ ನೋಡಬೇಕು ಎಂಬುದು ಸಮಿತಿಗೆ. ಹಕ್ಕುಪತ್ರ ಕೊಡಿ ಅಂತ ಯಾರಿಗೂ ಹೇಳಿಲ್ಲ. ಮಂಜಣ್ಣ ಆ ಪುಟವನ್ನು ಎರಡು ಸಲ ತಿರುಗಿಸಿ ನೋಡಿದರು. "ಹಾಗಾದ್ರೆ ಗೆದ್ದಿದ್ದು ಏನು ಮಾರಾಯ್ರೆ?" ಎಂದರು. ಹಳೆಯ ತಿರಸ್ಕಾರ ಹೋಯಿತು, ತೀರ್ಮಾನ ಆಗುವವರೆಗೆ ಮನೆ-ತೋಟಕ್ಕೆ ರಕ್ಷಣೆ ಸಿಕ್ಕಿತು, ಇನ್ನೊಮ್ಮೆ ಹೇಳಿಕೊಳ್ಳುವ ಅವಕಾಶ ಸಿಕ್ಕಿತು. ಸಿಕ್ಕಿದ್ದು ಇಷ್ಟು. ಸಮಿತಿ ಎಲ್ಲವನ್ನೂ ನೋಡಿ ಮತ್ತೆ 'ಇಲ್ಲ' ಎಂದರೂ ಅದು ಈ ಆದೇಶ ಮೀರಿದ ಹಾಗೆ ಆಗುವುದಿಲ್ಲ. ಇದನ್ನು ಮೊದಲ ದಿನವೇ ಹೇಳುವುದು ವಾಸಿ. ಮೂರು ತಿಂಗಳಾದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಹಾಗಾದರೆ ಆರರಿಂದ ಹನ್ನೊಂದರ ತನಕದ ಕಾರಣಗಳು ಬರೀ ಓದುವುದಕ್ಕಾ? ಕೆಲವು ವಕೀಲರು 'ಕೊನೆಯ ಪುಟ ಸಾಕು, ಉಳಿದದ್ದು ನಮಗಿರಲಿ' ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಆದೇಶದಲ್ಲಿ 'ಮೇಲೆ ಹೇಳಿದ ಅಭಿಪ್ರಾಯಗಳ ಬೆಳಕಿನಲ್ಲಿ' ಎಂಬ ಸಾಲಿದೆಯಲ್ಲ, ಅದು ಕಾರಣದ ಭಾಗವನ್ನು ಅಪ್ಪಣೆಯೊಳಗೆ ಎಳೆದು ತರುತ್ತದೆ. ಅಂಥ ಸಾಲು ಕಂಡ ಕೂಡಲೇ ಹಿಂದಕ್ಕೆ ಹೋಗಿ, ಸಮಿತಿ ಏನು ಮಾಡಬಾರದಿತ್ತು ಅಂತ ಕೋರ್ಟು ಹೇಳಿದೆಯೋ ಅದನ್ನು ಹುಡುಕಬೇಕು.

ನಮ್ಮದರಲ್ಲಿ ಅದು ಒಂಬತ್ತನೇ ಪ್ಯಾರಾದಲ್ಲಿತ್ತು. ಅರಣ್ಯ ಹಕ್ಕು ಕಾಯಿದೆ 2006ರದು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದನ್ನು ತೋರಿಸಬೇಕು. ಸಮಿತಿ ಅಷ್ಟು ಹಳೆಯ ಸರ್ಕಾರಿ ಕಾಗದವೇ ಬೇಕು ಎಂದು ಕೂತಿತ್ತು. ಆದರೆ ಈ ಕಾಯಿದೆಯ ನಿಯಮಗಳಲ್ಲಿ, 2012ರ ತಿದ್ದುಪಡಿಯಾದ ಮೇಲೆ, ಇಂಥದ್ದೇ ದಾಖಲೆ ಬೇಕು ಎಂದು ಹಟ ಹಿಡಿಯುವ ಹಾಗಿಲ್ಲ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯವೇ. ಮನೆ, ಬಾವಿ, ಕಟ್ಟೆಯಂಥ ಹಳೆಯ ಗುರುತುಗಳೂ ಸಾಕ್ಷ್ಯವೇ. ತಿರಸ್ಕರಿಸುವುದಾದರೆ ಕಾರಣ ಕೊಟ್ಟು ಬರೆದು ತಿಳಿಸಬೇಕು. ಇದನ್ನು ಸಮಿತಿ ಪಾಲಿಸಿಲ್ಲ, ಅದಕ್ಕೇ ಹಿಂಬರಹ ರದ್ದು ಎಂದು ಕೋರ್ಟು ಹೇಳಿತ್ತು.

ಹಾಗಾಗಿ ಮಂಜಣ್ಣನಿಗೆ ಸಮಿತಿ ಮುಂದೆ ಕೈಗೆ ಸಿಗುವ ಆಯುಧ ಒಂಬತ್ತನೇ ಪ್ಯಾರಾ. ಊರಿಗೆಲ್ಲ ಕಳಿಸಿದ ನಾಲ್ಕನೆಯದಲ್ಲ. ಇಬ್ಬರು ಹಿರಿಯರ ಹೇಳಿಕೆ, ಹಳೆಯ ಬಾವಿಯ ಫೋಟೋ, ಗ್ರಾಮಸಭೆಯ ಠರಾವು ಜೋಡಿಸಿ, ಒಂಬತ್ತನೇ ಪ್ಯಾರಾ ನೋಡಿ ಎಂದು ಬರೆದು ಮನವಿ ಸಿದ್ಧ ಮಾಡಿದೆವು.

ಹತ್ತನೇ ಪ್ಯಾರಾದಲ್ಲಿ ಇನ್ನೊಂದು ಸಾಲು ಇತ್ತು: ಅರ್ಜಿದಾರರು ಬಹಳ ಕಾಲದಿಂದ ಅಲ್ಲಿರುವಂತೆ ಮೇಲ್ನೋಟಕ್ಕೆ ಕಾಣುತ್ತದೆ. ಇದು ಕೋರ್ಟಿನದೇ ಮಾತು, ಹೌದು. ಆದರೆ ಎಬ್ಬಿಸಬಾರದು ಎಂಬ ತಾತ್ಕಾಲಿಕ ರಕ್ಷಣೆಗೆ ಕೊಟ್ಟ ಕಾರಣ ಅದು. 'ಮೇಲ್ನೋಟಕ್ಕೆ' ಎಂದು ಹೇಳಿ, ಕೊನೆಯಲ್ಲಿ ವಾದಗಳೆಲ್ಲ ಮುಕ್ತ ಎಂದ ಮೇಲೆ ಅದನ್ನು ಅಂತಿಮ ತೀರ್ಮಾನ ಅಂತ ಸಮಿತಿ ಮುಂದೆ ಬೀಸಿದರೆ ನಿಲ್ಲುವುದಿಲ್ಲ. ಕಾರಣದ ಭಾಗ ಓದುವಾಗ ನಾನು ಪ್ರತಿ ಮುಖ್ಯ ಸಾಲಿನಿಂದ ಅದು ಯಾವ ಅಪ್ಪಣೆಗೆ ಆಧಾರವೋ ಅಲ್ಲಿಗೆ ಒಂದು ಗೆರೆ ಎಳೆಯುತ್ತೇನೆ. ಒಂಬತ್ತರಿಂದ 'ಹೊಸದಾಗಿ ಪರಿಶೀಲಿಸಿ'ಗೆ ಗೆರೆ. ಹತ್ತರಿಂದ 'ಎಬ್ಬಿಸಬಾರದು' ಕಡೆಗೆ ಗೆರೆ. ಎಲ್ಲಿಗೂ ಗೆರೆ ಹೋಗದ ಸಾಲು, ಎಷ್ಟೇ ಚಂದ ಇದ್ದರೂ, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು.

ಕೊನೆಯ ಪುಟ ಮಾತ್ರ ಓದುವುದರಲ್ಲಿ ಇನ್ನೊಂದು ಅಪಾಯವಿದೆ. ಅಪ್ಪಣೆ ಕೆಲವೊಮ್ಮೆ ಕಾರಣದ ನಡುವೆಯೇ ಅಡಗಿರುತ್ತದೆ. ನಮ್ಮ ಹನ್ನೊಂದನೇ ಪ್ಯಾರಾದ ಕೊನೆಗೆ, ಅರ್ಜಿದಾರರು ಹೆಚ್ಚಿನ ದಾಖಲೆಯಿದ್ದರೆ ಎರಡು ವಾರದೊಳಗೆ ಸಮಿತಿಗೆ ಕೊಡತಕ್ಕದ್ದು ಎಂದಿತ್ತು. ಅದು ನಮಗೇ ಕೊಟ್ಟ ಅಪ್ಪಣೆ. ಹನ್ನೆರಡನೇ ಪ್ಯಾರಾದಲ್ಲಿ ಅದರ ಸುದ್ದಿಯೇ ಇಲ್ಲ. ಆದ್ದರಿಂದ ಒಮ್ಮೆ ಪೂರ್ತಿ ಆದೇಶವನ್ನು 'ಮಾಡತಕ್ಕದ್ದು', 'ಮಾಡಬಾರದು' ಎಂಬ ಅರ್ಥದ ಕ್ರಿಯಾಪದಗಳಿಗಾಗಿ ಮಾತ್ರ ಓದುತ್ತೇನೆ. ಸಿಕ್ಕ ಪ್ರತಿಯೊಂದನ್ನೂ ಕನ್ನಡದ ಪಟ್ಟಿಗೆ ಸೇರಿಸುತ್ತೇನೆ.

ಈಗ ದಿನದ ಲೆಕ್ಕ. ಜನ ಆದೇಶದ ತಾರೀಕಿನಿಂದ ಎಣಿಸಲು ಶುರು ಮಾಡುತ್ತಾರೆ. ಇಲ್ಲಿ ಹನ್ನೆರಡು ವಾರ ಓಡುವುದು ಸಮಿತಿಗೆ ದೃಢೀಕೃತ ನಕಲು ಸಿಕ್ಕ ಮೇಲೆ. ವೆಬ್‌ಸೈಟಿನಿಂದ ಪ್ರಿಂಟ್ ತೆಗೆದ ಪ್ರತಿ ಓದುವುದಕ್ಕೆ ಸರಿ, ಗಡಿಯಾರ ಶುರು ಮಾಡುವುದಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಆದೇಶ ಜೂನ್ 10ರದು, ನಕಲನ್ನು ಕಚೇರಿಗೆ ಕೊಟ್ಟಿದ್ದು ಜೂನ್ 28ಕ್ಕೆ ಅಂತಿಟ್ಟುಕೊಳ್ಳಿ. ಹನ್ನೆರಡು ವಾರ ಅಂದರೆ 84 ದಿನ, ಅದು ಮುಗಿಯುವುದು ಸೆಪ್ಟೆಂಬರ್ 20ಕ್ಕೆ. ನಕಲನ್ನು ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೆ ಗಡುವು ಶುರುವೇ ಆಗುವುದಿಲ್ಲ. ಹಾಗಾಗಿ ಸುಮ್ನೆ ಕೊಟ್ಟು ಬರಬೇಡಿ, ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡೇ ಬನ್ನಿ ಎಂದೆ. ಇನ್ನೊಂದು ಪ್ರತಿ ರೇಂಜರ್ ಕಚೇರಿಗೆ, ಅಲ್ಲೂ ಸ್ವೀಕೃತಿ. ಎಬ್ಬಿಸಬಾರದು ಎಂಬ ಅಪ್ಪಣೆ ನಕಲಿಗಾಗಿ ಕಾಯುವುದಿಲ್ಲ, ಆದರೆ ಆದೇಶ ಗೊತ್ತೇ ಇರಲಿಲ್ಲ ಎಂದು ಯಾರೂ ಹೇಳದ ಹಾಗೆ ಆಗಬೇಕಲ್ಲ.

ಕೊನೆಯಲ್ಲಿ ಮಂಜಣ್ಣ ಕೇಳಿದ್ದು: ಸಮಿತಿ ಗಡುವು ಮೀರಿ ಸುಮ್ಮನಿದ್ದರೆ? ಮೊದಲು ಒಂದು ಜ್ಞಾಪನ ಪತ್ರ. ಆಮೇಲೂ ಮಾಡದಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿ. ಅದಕ್ಕೆ 1971ರ ಕಾಯಿದೆಯ ಪ್ರಕಾರ ಒಂದು ವರ್ಷದ ಮಿತಿಯಿದೆ. ಈ ಅರ್ಜಿಯಲ್ಲಿ ಕೋರ್ಟು ನೋಡುವುದು ಅಪ್ಪಣೆ ಮೀರಿದ್ದಾರಾ ಎಂಬುದನ್ನು. ಹತ್ತನೇ ಪ್ಯಾರಾದಲ್ಲಿ ನಮಗೆ ಅನುಕೂಲವಾದ ಮಾತಿತ್ತು, ಅದನ್ನು ಗೌರವಿಸಲಿಲ್ಲ ಎಂಬ ದೂರು ಅಲ್ಲಿ ನಡೆಯುವುದಿಲ್ಲ. ಇನ್ನು ಸಮಿತಿ ವಿಚಾರಣೆ ಮಾಡಿ ಕಾರಣ ಬರೆದು ಮತ್ತೆ ತಿರಸ್ಕರಿಸಿದರೆ ದಾರಿ ಬೇರೆ: 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ. 'ಅಲ್ಲಿಯವರೆಗೆ' ಎಂಬ ರಕ್ಷಣೆ ಹೊಸ ತೀರ್ಮಾನ ಬಂದ ದಿನ ಮುಗಿಯುತ್ತದೆ. ಹೌದು, ಹಕ್ಕು ಗುರುತಿಸಿ ಪರಿಶೀಲಿಸುವ ಪ್ರಕ್ರಿಯೆ ಪೂರ್ತಿ ಮುಗಿಯುವವರೆಗೆ ಎಬ್ಬಿಸಬಾರದು ಎಂದು ಕಾಯಿದೆಯ 4(5)ನೇ ಕಲಮಿನಲ್ಲೇ ಇದೆ. ಆದರೂ ಹಿಂಬರಹ ಕೈಗೆ ಬಂದ ವಾರದಲ್ಲೇ ನನ್ನ ಹತ್ತಿರ ತನ್ನಿ, ಲಕೋಟೆಯನ್ನು ಬಿಸಾಡಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಕು ಬೇಕಾಗುತ್ತದೆ ಎಂದು ಪಟ್ಟಿಯ ಅಡಿಯಲ್ಲಿ ಬರೆದುಕೊಟ್ಟೆ.